ಲಾಭ ಬಂತು, ಗಿರಾಕಿ ಹೋದ: ಆರು ವರ್ಕ್‌ಶಾಪ್‌ಗಳಿಗೆ ನಾನು ಮಾಡಿದ ಸ್ಕೋರ್‌ಕಾರ್ಡ್

ಉತ್ತರ ಕರ್ನಾಟಕದ ಒಂದು ಟೂ-ವೀಲರ್ ಡೀಲರ್‌ಶಿಪ್‌ನಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಶೋರೂಂ ಒಂದು, ಸರ್ವಿಸ್ ವರ್ಕ್‌ಶಾಪ್‌ಗಳು ಆರು. ಒಂದೊಂದು ವರ್ಕ್‌ಶಾಪ್‌ಗೂ ಒಬ್ಬ ಮ್ಯಾನೇಜರ್. 2023-24ರ ತನಕ ಅವರ ಬೋನಸ್ ಲೆಕ್ಕ ಒಂದೇ ಸಾಲಿನದು: ವರ್ಷದ ಲಾಭ ಬಜೆಟ್ ದಾಟಿತಾ, ದಾಟಿದ್ದರಲ್ಲಿ ಇಷ್ಟು ಪಾಲು ಮ್ಯಾನೇಜರ್‌ಗೆ. ಹತ್ತು ನಿಮಿಷದ ಕೆಲಸ. ನನಗೂ ಸುಖವಾಗಿತ್ತು.

2022-23ರಲ್ಲಿ ನಮ್ಮ ಬಸ್ ಸ್ಟ್ಯಾಂಡ್ ಶಾಖೆಯ ಬಜೆಟ್ ಲಾಭ 18 ಲಕ್ಷ. ಬಂದದ್ದು 22.5 ಲಕ್ಷ. ಸಾಹುಕಾರರು ಮ್ಯಾನೇಜರ್‌ಗೆ ಶಾಲು ಹೊದಿಸಿ, ಬೋನಸ್ ಕೊಟ್ಟು, ದೊಡ್ಡ ಶಾಖೆಗೆ ಕಳಿಸಿದರು. ಅವರ ಜಾಗಕ್ಕೆ ಒಬ್ಬ ಮೇಡಂ ಬಂದರು. ಮುಂದಿನ ವರ್ಷ ಅದೇ ಶಾಖೆಯ ಲಾಭ 13 ಲಕ್ಷಕ್ಕೆ ಕುಸಿಯಿತು. ಮೇಡಂಗೆ ಬೋನಸ್ ಇಲ್ಲ, ಮೇಲಿಂದ ಬೈಗುಳ.

ಒಂದು ದಿನ ಮೇಡಂ ನನ್ನ ಟೇಬಲ್ ಹತ್ತಿರ ಬಂದು, "ಸರ, ಹೋದ ವರ್ಷದ ಖರ್ಚಿನ ಪಟ್ಟಿ ಒಂದ್ಸಲ ತೆಗೀರಿ" ಅಂದರು. ತೆಗೆದೆ. ಆ ಹೆಚ್ಚಿನ 4.5 ಲಕ್ಷ ಎಲ್ಲಿಂದ ಬಂತು ಅಂತ ಇಬ್ಬರೂ ಕೂತು ಬಿಡಿಸಿದೆವು. ತಿಂಗಳಿಗೆ 22 ಸಾವಿರ ಸಂಬಳದ ಹಿರಿಯ ಮೆಕ್ಯಾನಿಕ್ ಒಬ್ಬರು ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ಅಲ್ಲಿಗೆ 2.64 ಲಕ್ಷ ಉಳಿಯಿತು. ಮೆಕ್ಯಾನಿಕ್‌ಗಳನ್ನು ಟ್ರೇನಿಂಗ್‌ಗೆ ಕಳಿಸದೆ 60 ಸಾವಿರ. ಕಂಪ್ರೆಸರ್ ಮತ್ತು ರ‍್ಯಾಂಪ್‌ನ ವಾರ್ಷಿಕ ಮೇಂಟೆನೆನ್ಸ್ ಕಾಂಟ್ರಾಕ್ಟ್ ರಿನ್ಯೂ ಮಾಡದೆ 45 ಸಾವಿರ. ಉಳಿದ 81 ಸಾವಿರ, ಬಂದ ಪ್ರತಿ ಗಾಡಿಗೂ ಕೇಳದೆ ಹಾಕಿದ ಎಂಜಿನ್ ಫ್ಲಶ್, ಪಾಲಿಶ್ ಇಂಥದ್ದರ ಬಿಲ್ಲು.

ಒಂದು ಪೈಸೆ ಕಳ್ಳತನ ಇಲ್ಲ. ಎಲ್ಲಕ್ಕೂ ವೋಚರ್ ಇದೆ. ಆದರೆ ಮುಂದಿನ ವರ್ಷದ ಲಾಭವನ್ನು ಈ ವರ್ಷವೇ ಕೊಯ್ದುಕೊಂಡಿದ್ದರು. ಹಸಿ ಕಾಯಿ ಕಿತ್ತು ಸಂತೆಗೆ ಒಯ್ದ ಹಾಗೆ. ಟ್ರೇನಿಂಗ್ ನಿಲ್ಲಿಸಿದ ಸಮಯವೂ ಕೆಟ್ಟದಾಗಿತ್ತು. 2020ರ ಏಪ್ರಿಲ್‌ನಿಂದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ಬಹಳಷ್ಟು ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಲು ಬಾರದ ಮೆಕ್ಯಾನಿಕ್ ಅಂದಾಜಿನ ಮೇಲೆ ಪಾರ್ಟ್ ಬದಲಾಯಿಸುತ್ತಾನೆ. ಗಾಡಿ ವಾರದಲ್ಲಿ ವಾಪಸ್ ಬರುತ್ತದೆ. ಗಿರಾಕಿ ಎರಡು ಸಲ ಸಹಿಸಿಕೊಳ್ಳುತ್ತಾನೆ. ಮೂರನೇ ಸಲ ಓಣಿಯ ಗ್ಯಾರೇಜ್ ಹುಡುಕಿಕೊಳ್ಳುತ್ತಾನೆ.

ನಮ್ಮ ಧಂದೆಯಲ್ಲಿ ಇದು ತಕ್ಷಣ ಕಾಣುವುದಿಲ್ಲ, ಅದೇ ತೊಂದರೆ. ಹೊಸ ಗಾಡಿಗೆ ಫ್ರೀ ಸರ್ವಿಸ್ ಇರುವ ತನಕ ಗಿರಾಕಿ ಹೇಗಿದ್ದರೂ ನಮ್ಮಲ್ಲಿಗೇ ಬರುತ್ತಾನೆ. ಅದು ಮುಗಿದ ಮೇಲೆ ದುಡ್ಡು ಕೊಟ್ಟು ಬರುತ್ತಾನಾ ಇಲ್ವಾ ಅನ್ನುವುದೇ ಅಸಲಿ ಪರೀಕ್ಷೆ. ಆ ಫಲಿತಾಂಶ ಲಾಭದ ಕಾಲಂಗೆ ಬರುವ ಹೊತ್ತಿಗೆ ಒಂದು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಮ್ಯಾನೇಜರ್ ಬೇರೆ ಊರಲ್ಲಿ ಕೂತಿರುತ್ತಾರೆ.

ಸಾಹುಕಾರರಿಗೆ ಈ ಲೆಕ್ಕ ತೋರಿಸಿದೆ. "ಲಾಭ ಬಂದಿತ್ತಲ್ರೀ, ಮತ್ತೇನ್ ನೋಡ್ಬೇಕಾಗಿತ್ತು?" ಅಂದರು. ಒಂದು ತಿಂಗಳು ಕೊಡಿ, ಏನು ನೋಡಬೇಕು ಅಂತ ಬರೆದು ತರುತ್ತೇನೆ ಅಂದೆ.

ಓದಿದ್ದು ನೆನಪಿತ್ತು. 1992ರಲ್ಲಿ ರಾಬರ್ಟ್ ಕ್ಯಾಪ್ಲನ್, ಡೇವಿಡ್ ನಾರ್ಟನ್ ಎಂಬಿಬ್ಬರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಬಗ್ಗೆ ಬರೆದರು. ಹಣ, ಗಿರಾಕಿ, ಒಳಗಿನ ಕೆಲಸ, ಕಲಿಕೆ ಅಂತ ನಾಲ್ಕು ಕಡೆಯಿಂದ ನೋಡಬೇಕು ಅನ್ನುವುದು ಅದರ ತಿರುಳು. ಬಹಳ ಜನ ಇದನ್ನು ನಾಲ್ಕು ಡಬ್ಬಿ ಅಂದುಕೊಂಡು ಕೈಗೆ ಸಿಕ್ಕ ಅಂಕಿಗಳನ್ನೆಲ್ಲ ತುಂಬುತ್ತಾರೆ. ನಾನೂ ತುಂಬಿದೆ. ನನ್ನ ಮೊದಲ ಹಾಳೆಯಲ್ಲಿ 19 ಅಳತೆಗಳಿದ್ದವು, ವಾಶಿಂಗ್‌ಗೆ ಎಷ್ಟು ನೀರು ಹೋಯಿತು ಅನ್ನುವುದೂ ಸೇರಿ! ಸಾಹುಕಾರರು ಹಾಳೆ ಹಿಡಿದು ಮೇಲಿಂದ ಕೆಳಗೆ ನೋಡಿ, ಲಾಭದ ಸಾಲಿನ ಮೇಲೆ ಬೆರಳಿಟ್ಟು, "ಇದೊಂದು ತಿಳೀತು" ಅಂದರು. ತಪ್ಪು ಅವರದಲ್ಲ.

ಎರಡನೇ ಸಲ ಬೇರೆ ದಾರಿ ಹಿಡಿದೆ. ಲಾಭದಿಂದ ಹಿಂದಕ್ಕೆ ನಡೆದೆ. ಮುಂದಿನ ವರ್ಷದ ಲಾಭ ಎಲ್ಲಿಂದ ಬರುತ್ತದೆ? ಫ್ರೀ ಸರ್ವಿಸ್ ಮುಗಿದ ಮೇಲೂ ಬರುವ ಗಿರಾಕಿಯಿಂದ. ಅವನು ಯಾಕೆ ಬರುತ್ತಾನೆ? ಒಂದೇ ಸಲಕ್ಕೆ ರಿಪೇರಿ ಸರಿಯಾದರೆ. ಅದು ಯಾವಾಗ ಆಗುತ್ತದೆ? ಮೆಕ್ಯಾನಿಕ್‌ಗೆ ಕೆಲಸ ಬಂದರೆ. ಹೀಗೆ ಒಂದು ಸರಪಳಿ ಸಿಕ್ಕಿತು. ಒಂದೊಂದು ಕೊಂಡಿಗೂ ಒಂದೇ ಅಳತೆ ಇಟ್ಟೆ. ಲಾಭಕ್ಕೆ 40 ಅಂಕ. ಕೊನೆಯ ಫ್ರೀ ಸರ್ವಿಸ್ ಆದ 100 ಗಾಡಿಗಳಲ್ಲಿ ಆರು ತಿಂಗಳೊಳಗೆ ಪೇಡ್ ಸರ್ವಿಸ್‌ಗೆ ಎಷ್ಟು ಬಂದವು, ಅದಕ್ಕೆ 25. ಮೂವತ್ತು ದಿನದೊಳಗೆ ಅದೇ ದೂರು ಹೊತ್ತು ವಾಪಸ್ ಬಂದ ಗಾಡಿಗಳು, ಅಂದರೆ ನಾವು ರಿಪೀಟ್ ಜಾಬ್ ಅನ್ನುವುದು, ಅದಕ್ಕೆ 20. ಸ್ಕ್ಯಾನರ್ ಕೆಲಸ ಒಬ್ಬರೇ ಮಾಡಬಲ್ಲ ಮೆಕ್ಯಾನಿಕ್‌ಗಳು ಎಷ್ಟು, ಅದಕ್ಕೆ 15.

ರಿಪೀಟ್ ಜಾಬ್ ಹಿಡಿಯಲು ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಜಾಬ್ ಕಾರ್ಡ್‌ಗಳ ಪಟ್ಟಿಯಲ್ಲಿ A ಕಾಲಂ ತಾರೀಕು, B ಕಾಲಂ ಗಾಡಿ ನಂಬರ್ ಇದ್ದರೆ ಇಷ್ಟು ಸಾಕು:

```
=COUNTIFS(B:B,B2,A:A,">="&A2-30,A:A,"<"&A2)
```

ಸೊನ್ನೆಗಿಂತ ಜಾಸ್ತಿ ಬಂದರೆ ಆ ಗಾಡಿ ಹಿಂದಿನ ಮೂವತ್ತು ದಿನದಲ್ಲಿ ಒಮ್ಮೆ ಬಂದಿತ್ತು ಅಂತ ಅರ್ಥ. ಅಂಥ ಸಾಲುಗಳನ್ನು ಮಾತ್ರ ತೆಗೆದು ಎರಡೂ ಕಾರ್ಡ್‌ಗಳ ದೂರು ಓದಬೇಕು. ಪಂಕ್ಚರ್‌ಗೆ ಬಂದಿದ್ದರೆ ಬಿಡಿ, "ಸ್ಟಾರ್ಟಿಂಗ್ ಟ್ರಬಲ್" ಅಂತ ಎರಡರಲ್ಲೂ ಇದ್ದರೆ ಎಣಿಸಿ. ವಾರಕ್ಕೆ ಅರ್ಧ ದಿನದ ಕೆಲಸ.

ಹೊಸ ಲೆಕ್ಕವನ್ನು ಹಳೆಯ ವರ್ಷದ ಮೇಲೆ ಓಡಿಸಿ ನೋಡಿದಾಗ ನನಗೇ ಶಾಕ್. ಶಾಲು ಹೊದಿಸಿಕೊಂಡ ಆ ವರ್ಷದಲ್ಲಿ ಬಸ್ ಸ್ಟ್ಯಾಂಡ್ ಶಾಖೆಯ ಲಾಭ ಬಜೆಟ್‌ನ ಶೇ. 125. ಗುರಿಯ ಎಷ್ಟು ಪಾಲು ಮುಟ್ಟಿದರೋ ಅಷ್ಟೇ ಪಾಲು ಅಂಕ, ಆದರೆ ಶೇ. 120ಕ್ಕಿಂತ ಹೆಚ್ಚಿಗೆ ಇಲ್ಲ ಅಂತ ಮಿತಿ ಹಾಕಿದ್ದೆ, ಹಾಗಾಗಿ 40ರ ಬದಲು 48. ಪೇಡ್ ಸರ್ವಿಸ್‌ಗೆ ಬಂದವರು 100ಕ್ಕೆ 51, ಗುರಿ 55, ಅಲ್ಲಿಗೆ 23.2. ರಿಪೀಟ್ ಜಾಬ್ ಶೇ. 9, ಗುರಿ 4, ಇಲ್ಲಿ ಕಡಿಮೆಯಾದಷ್ಟೂ ಒಳ್ಳೆಯದು, ಹಾಗಾಗಿ 20ರಲ್ಲಿ ಒಂಬತ್ತಕ್ಕೆ ನಾಲ್ಕು ಪಾಲು, ಅಂದರೆ 8.9. ಐವರು ಬೇಕಾದ ಕಡೆ ಕಲಿತ ಮೆಕ್ಯಾನಿಕ್‌ಗಳು ಮೂವರು, ಅದಕ್ಕೆ 9. ಒಟ್ಟು 89. ಬೋನಸ್‌ಗೆ ನಾನಿಟ್ಟಿದ್ದ ಗೆರೆ 80. ಅಂದರೆ ನನ್ನ ಸ್ಕೋರ್‌ಕಾರ್ಡ್ ಇದ್ದಿದ್ದರೂ ಆ ಮ್ಯಾನೇಜರ್ ಬೋನಸ್ ತೆಗೆದುಕೊಂಡೇ ಹೋಗುತ್ತಿದ್ದರು!

ಎಲ್ಲ ಅಂಕ ಕೂಡಿಸಿ ಒಂದು ಮೊತ್ತ ಮಾಡಿದರೆ ಆಗುವುದು ಇದೇ. ಒಂದು ಕಡೆಯ ಗುಡ್ಡ ಇನ್ನೊಂದು ಕಡೆಯ ಗುಂಡಿಯನ್ನು ಮುಚ್ಚಿಬಿಡುತ್ತದೆ. ಶೇ. 9 ರಿಪೀಟ್ ಜಾಬ್ ಅನ್ನುವುದು ಆ ವರ್ಷದ ಅತಿ ದೊಡ್ಡ ಸುದ್ದಿ. ಗಿರಾಕಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಆದರೆ ಹೋಗುವ ಕಾರಣ ಆಗಲೇ ಅಲ್ಲಿತ್ತು. ಮರುವರ್ಷ 51 ಇದ್ದದ್ದು 41 ಆಯಿತು. ಮೊತ್ತದಲ್ಲಿ ಈ ಸುದ್ದಿ ಹೂತುಹೋಗಿತ್ತು.

ಅದಕ್ಕೆ ಮೂರು ನಿಯಮ ಸೇರಿಸಿದೆ. ಒಂದು: ರಿಪೀಟ್ ಜಾಬ್ ಶೇ. 6 ದಾಟಿದರೆ, ಮೊತ್ತ ಎಷ್ಟೇ ಇರಲಿ, ಬೋನಸ್‌ನಲ್ಲಿ ಅರ್ಧ ತಡೆಹಿಡಿಯುವುದು. ಎರಡು: ಆ ಅರ್ಧವನ್ನು ಮುಂದಿನ ವರ್ಷ ಅದೇ ಶಾಖೆಗೆ ಬರುವ ಪೇಡ್ ಗಿರಾಕಿಗಳ ಸಂಖ್ಯೆ ನೋಡಿ ಕೊಡುವುದು. ಮ್ಯಾನೇಜರ್ ವರ್ಗವಾಗಿ ಹೋಗಿದ್ದರೂ ಸರಿ, ಲೆಕ್ಕ ಹಳೆಯ ಶಾಖೆಯದ್ದೇ. ಮೂರು: ಹೊಸದಾಗಿ ಬಂದವರಿಗೆ ಮೊದಲ ವರ್ಷ ಗುರಿಯನ್ನು ಅವರ ಕೈಗೆ ಬಂದ ಸ್ಥಿತಿಯಿಂದಲೇ ಶುರು ಮಾಡುವುದು. ಮೇಡಂಗೆ ಆದ ಅನ್ಯಾಯ ನನ್ನ ತಲೆಯಲ್ಲಿತ್ತು.

ಅಂಕ ಇಟ್ಟ ಕಡೆಯೆಲ್ಲ ಅಂಕಿ ತಿರುಚುವ ಆಟವೂ ನಡೆಯಿತು. ಮೊದಲ ಹಾಳೆಯ ಕಾಲದಲ್ಲಿ ಗಿರಾಕಿಗೆ ಫೋನ್ ಮಾಡಿ ಹತ್ತಕ್ಕೆ ಎಷ್ಟು ಅಂಕ ಅಂತ ಕೇಳುತ್ತಿದ್ದೆವು. ಒಂದು ಶಾಖೆಗೆ ಸತತವಾಗಿ 9.8. ನಮ್ಮ ಆಫೀಸಿನ ಹುಡುಗಿ ನಂಬರ್‌ಗಳನ್ನು ಸಾಲಾಗಿ ಜೋಡಿಸಿದಾಗ 31 ಜಾಬ್ ಕಾರ್ಡ್‌ಗಳಲ್ಲಿ ಒಂದೇ ಮೊಬೈಲ್ ನಂಬರ್. ಸೂಪರ್‌ವೈಸರ್‌ನ ಭಾವಮೈದುನನದು! ಫೋನಿನಲ್ಲಿ ಕೇಳಿ ಪಡೆಯುವ ಅಂಕವನ್ನು ಅಂದಿನಿಂದ ಕೈಬಿಟ್ಟೆ. ಗಿರಾಕಿ ದುಡ್ಡು ಕೊಟ್ಟು ವಾಪಸ್ ಬಂದನಾ ಅನ್ನುವುದು ನಮ್ಮ ಬಿಲ್‌ನಲ್ಲೇ ಇರುತ್ತದೆ, ಅದನ್ನು ಬೇಡಿ ಪಡೆಯಲು ಆಗುವುದಿಲ್ಲ.

ರಿಪೀಟ್ ಜಾಬ್‌ನಲ್ಲೂ ಕೈಚಳಕ ನಡೆಯಿತು. ವಾಪಸ್ ಬಂದ ಗಾಡಿಗೆ ಕಾರ್ಡ್ ತೆರೆಯದೆ ಹಾಗೇ ರಿಪೇರಿ ಮಾಡಿ ಕಳಿಸುವುದು. ಕಾರ್ಡ್ ಇಲ್ಲ, ಹಾಗಾಗಿ ಎಣಿಕೆಯೂ ಇಲ್ಲ. ಇದನ್ನು ಹಿಡಿದದ್ದು ಗೇಟ್ ರಿಜಿಸ್ಟರ್. ಒಳಗೆ ಬರುವ ಪ್ರತಿ ಗಾಡಿಯ ನಂಬರನ್ನು ವಾಚ್‌ಮನ್ ಬರೆಯುತ್ತಾರೆ. ತಿಂಗಳಿಗೆ ಯಾವುದಾದರೂ ಎರಡು ದಿನ ಆರಿಸಿ, ಗೇಟ್‌ನ ನಂಬರ್‌ಗಳನ್ನೂ ಜಾಬ್ ಕಾರ್ಡ್‌ಗಳನ್ನೂ ಎದುರುಬದುರು ಇಡುತ್ತೇನೆ. ಒಂದು ಶಾಖೆಯಲ್ಲಿ ಒಂದೇ ದಿನ ಏಳು ಗಾಡಿಗಳು ಗೇಟ್‌ನಲ್ಲಿದ್ದವು, ಕಾರ್ಡ್‌ನಲ್ಲಿ ಇರಲಿಲ್ಲ. ಮ್ಯಾನೇಜರ್‌ಗೆ ಫೋನ್ ಮಾಡಿ ಆ ಏಳು ನಂಬರ್ ಓದಿದೆ, ಅಷ್ಟೇ. ಮುಂದಿನ ತಿಂಗಳು ಆ ಶಾಖೆಯ ರಿಪೀಟ್ ಜಾಬ್ ಸುಮ್ನೆ ಎರಡು ಪಟ್ಟು ಆಯಿತು. ಅಂಕಿ ಕೆಟ್ಟಿತು, ಆದರೆ ನಿಜವಾಯಿತು.

ಸಣ್ಣ ಶಾಖೆಗಳ ಕಷ್ಟ ಇನ್ನೂ ಪೂರ್ತಿ ಬಗೆಹರಿದಿಲ್ಲ. ತಿಂಗಳಿಗೆ 60 ಗಾಡಿ ಬರುವ ಕಡೆ ಎರಡು ರಿಪೀಟ್ ಜಾಸ್ತಿಯಾದರೆ ಶೇಕಡಾ ಲೆಕ್ಕ ಮೂರಕ್ಕೂ ಹೆಚ್ಚು ಜಿಗಿಯುತ್ತದೆ. ಅದು ಮ್ಯಾನೇಜರ್‌ನ ತಪ್ಪೋ ಹಣೆಬರಹವೋ ಹೇಳುವುದು ಹೇಗೆ? ಅಲ್ಲಿ ಮೂರು ತಿಂಗಳು ಒಟ್ಟು ಸೇರಿಸಿ ನೋಡುತ್ತೇನೆ. ಹೈವೇ ಪಕ್ಕದ ಶಾಖೆಯದು ಬೇರೆ ಕಥೆ. ಅಲ್ಲಿ ದಾರಿಯಲ್ಲಿ ಕೆಟ್ಟು ನಿಂತ ಗಾಡಿಗೆ ಎಷ್ಟು ಬೇಗ ಹೋಗುತ್ತಾರೆ ಅನ್ನುವುದೇ ಮುಖ್ಯ. ಅವರಿಗೆ ಮಾತ್ರ ಆ ಅಳತೆ ಸೇರಿಸಿದೆ. ಸಭೆಯಲ್ಲಿ ಅದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಆರೂ ಶಾಖೆಗೆ ಇರುವ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ ಎದ್ದರು. ಅಮೆರಿಕದ ಲೈಪ್ ಮತ್ತು ಕೆನಡಾದ ಸಾಲ್ಟೇರಿಯೊ ಎಂಬ ಲೆಕ್ಕಶಾಸ್ತ್ರದ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದನ್ನೇ ಕಂಡಿದ್ದರು: ಎಲ್ಲ ವಿಭಾಗಕ್ಕೂ ಸಮಾನವಾದ ಅಳತೆಗಳನ್ನೇ ಜನ ನೋಡುತ್ತಾರೆ, ಒಂದಕ್ಕೆ ಮಾತ್ರ ಇರುವುದನ್ನು ಬಿಟ್ಟುಬಿಡುತ್ತಾರೆ. ಈಗ ಹೈವೇ ಶಾಖೆಯ ಹಾಳೆಯನ್ನು ಬೇರೆ ದಿನವೇ ಸಾಹುಕಾರರ ಮುಂದಿಡುತ್ತೇನೆ.

2024-25ರ ಲೆಕ್ಕ ಮುಗಿದಾಗ ಮೇಡಂ ಶಾಖೆಯ ಲಾಭ 15.5 ಲಕ್ಷ, ಬಜೆಟ್‌ಗಿಂತ ಅರ್ಧ ಲಕ್ಷ ಕಡಿಮೆ. ಬಿಟ್ಟುಹೋದ ಮೆಕ್ಯಾನಿಕ್ ಜಾಗ ತುಂಬಿದ್ದರು, ಇಬ್ಬರನ್ನು ಟ್ರೇನಿಂಗ್‌ಗೆ ಕಳಿಸಿದ್ದರು, ಕಂಪ್ರೆಸರ್ ಕಾಂಟ್ರಾಕ್ಟ್ ಮತ್ತೆ ಮಾಡಿಸಿದ್ದರು. ರಿಪೀಟ್ ಜಾಬ್ ಶೇ. 5ಕ್ಕೆ ಇಳಿದಿತ್ತು. ಹಳೆಯ ಲೆಕ್ಕದಲ್ಲಿ ಅವರಿಗೆ ಬೋನಸ್ ಸೊನ್ನೆ. ಸಾಹುಕಾರರು ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಕೊನೆಗೆ "ಬಜೆಟ್ ಮುಟ್ಟದವರಿಗೂ ಬೋನಸ್ ಕೊಡೋದು ಇದೇ ಮೊದಲು ನೋಡ್ರಿ" ಅಂತ ಹೇಳಿ ಸಹಿ ಹಾಕಿದರು. ಪೆನ್ನು ಜೇಬಿಗೆ ಇಟ್ಟುಕೊಳ್ಳುತ್ತಾ, "ಇದರಾಗ ಇನ್ಶೂರೆನ್ಸ್ ರಿನ್ಯೂವಲ್ ಒಂದು ಸೇರಿಸ್ರಿ" ಅಂದರು. ಸೇರಿಸುತ್ತೇನೆ, ಆದರೆ ಇರುವುದರಲ್ಲಿ ಯಾವುದನ್ನು ತೆಗೀಲಿ ಅಂತ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.