ಕೆಲಸಕ್ಕೆ ಬೇರೆ ಊರಿಗೆ ಹೋಗ್ತಿದ್ದೀರಾ? ಮೊದಲ ಸಂಬಳದವರೆಗಿನ ಲೆಕ್ಕ ಹೀಗೆ ಹಾಕಿ

ಬೇರೆ ಊರಲ್ಲಿ ಕೆಲಸ ಸಿಕ್ತು ಅಂದ್ರೆ ಎಲ್ರೂ ಕೇಳೋದು ಸಂಬಳ ಎಷ್ಟು ಅಂತ. ಆದ್ರೆ ಮನೆ ಬದಲಾಯಿಸಿ ಹೋಗೋರಿಗೆ ಅದಕ್ಕಿಂತ ಮೊದಲು ಗೊತ್ತಿರಬೇಕಾದ್ದು ಆ ಸಂಬಳ ಯಾವ ತಾರೀಖು ಅಕೌಂಟಿಗೆ ಬೀಳುತ್ತೆ ಅನ್ನೋದು, ಯಾಕಂದ್ರೆ ದೊಡ್ಡ ಖರ್ಚೆಲ್ಲ ಬರೋದು ಅದಕ್ಕೂ ಮುಂಚೇನೇ.

ಹಾಗಾಗಿ ಮೊದಲ ಕೆಲಸ, ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಪೇರೋಲ್ ಕಟ್-ಆಫ್ ಯಾವತ್ತು ಅಂತ ಕೇಳಿ. ತುಂಬಾ ಕಂಪನಿಗಳು ತಿಂಗಳ ಮಧ್ಯದಲ್ಲೇ ಸಂಬಳದ ಪಟ್ಟಿ ಮುಚ್ಚಿಬಿಡ್ತವೆ, ಆಮೇಲೆ ಸೇರಿದವರ ದುಡ್ಡು ಮುಂದಿನ ತಿಂಗಳಿಗೆ ಹೋಗುತ್ತೆ. ಸೇರೋ ದಿನ ಒಂದು ವಾರ ಹಿಂದೆ ಮುಂದೆ ಮಾಡೋಕೆ ಅವರು ಒಪ್ಪಿದ್ರೆ ಒಂದು ತಿಂಗಳ ಪರದಾಟ ಅಲ್ಲೇ ತಪ್ಪುತ್ತೆ.

ಆಮೇಲೆ ಒಂದು ಹಾಳೇಲಿ ತಾರೀಖು ಬರ್ಕೊಂಡು ಅದರ ಎದುರಿಗೆ ಖರ್ಚು ಬರೀರಿ. ಉದಾಹರಣೆಗೆ ಹೊಸ ಊರಿನ ಒಂದು ತಿಂಗಳ ಬಾಡಿಗೆ 100 ಅಂತ ಇಟ್ಕೊಳ್ಳಿ, ಯಾವ ದೇಶದ ದುಡ್ಡಾದ್ರೂ ಸರಿ. ನೀವು 15ನೇ ತಾರೀಖು ಹೋಗಿ ಇಳೀತೀರಿ, 20ಕ್ಕೆ ಸೇರ್ತೀರಿ, ಕಟ್-ಆಫ್ ತಪ್ಪಿದೆ, ಅಂದ್ರೆ ಮೊದಲ ಸಂಬಳ ಮುಂದಿನ ತಿಂಗಳ ಕೊನೆಗೆ, ಹೆಚ್ಚುಕಮ್ಮಿ 45 ದಿನ.

ಹೊರಡೋ ಮುಂಚೆ ಟಿಕೆಟ್ಟು, ಸಾಮಾನು ಸಾಗಿಸೋದು ಸೇರಿ 100. ಮೊದಲ 2 ವಾರ ಮನೆ ಸಿಗೋವರೆಗೆ ಸರ್ವೀಸ್ ಅಪಾರ್ಟ್‌ಮೆಂಟಿಗೆ 90, ಹೊರಗಡೆ ಊಟ, ಓಡಾಟಕ್ಕೆ 60. ತಿಂಗಳ ಕೊನೆಗೆ ಮನೆ ಸಿಕ್ತು ಅಂದ್ರೆ 2 ತಿಂಗಳ ಡೆಪಾಸಿಟ್ 200, ಮುಂಗಡ ಬಾಡಿಗೆ 100, ಬ್ರೋಕರ್‌ಗೆ 100, ಎಲ್ಲ ಒಂದೇ ದಿನ. ಹಾಸಿಗೆ, ಒಲೆ, ಪಾತ್ರೆ, ಇಂಟರ್ನೆಟ್ ಕನೆಕ್ಷನ್ನಿಗೆ 100, ಆಮೇಲೆ ಸಂಬಳದವರೆಗಿನ ಒಂದು ತಿಂಗಳ ಜೀವನಕ್ಕೆ 120. ಕೂಡಿದ್ರೆ 870. ಮನೆ ಸಿಗೋದು ಒಂದೆರಡು ವಾರ ತಡ ಆಗೋದು ಮಾಮೂಲಿ, ಅದಕ್ಕೆ ಇನ್ನೊಂದು 100 ಸೇರಿಸಿ. ಅಂದ್ರೆ ಸುಮಾರು 10 ತಿಂಗಳ ಬಾಡಿಗೆಯಷ್ಟು ದುಡ್ಡು ಮೊದಲ ಸಂಬಳಕ್ಕಿಂತ ಮುಂಚೆ ಕೈಯಲ್ಲಿರಬೇಕು. ನಿಮ್ಮ ಊರಿನ ಅಂಕಿ ಹಾಕಿ ನೋಡಿ, ಡೆಪಾಸಿಟ್ ಎಷ್ಟು ತಿಂಗಳದ್ದು ಅನ್ನೋದರ ಮೇಲೇನೇ ಮೊತ್ತ ಜಾಸ್ತಿ ಏರಿಳಿಯುತ್ತೆ.

ಇಲ್ಲಿ ಜನ ಎಡವೋದು ಎಲ್ಲಿ ಅಂದ್ರೆ, ಬರಬೇಕಾದ ದುಡ್ಡನ್ನ ಇರೋ ದುಡ್ಡು ಅಂತ ಲೆಕ್ಕ ಹಾಕೋದರಲ್ಲಿ. ಹಳೇ ಮನೆ ಡೆಪಾಸಿಟ್ ನೀವು ಖಾಲಿ ಮಾಡಿ, ಓನರ್ ಪೇಂಟು ರಿಪೇರಿ ಎಲ್ಲ ನೋಡಿ ಆಮೇಲೆ ಕೊಡೋದು, ಆ ಹೊತ್ತಿಗೆ ಹೊಸ ಮನೆಗೆ ಕಟ್ಟಾಗಿರುತ್ತೆ. ಕಂಪನಿ ಕೊಡೋ ಶಿಫ್ಟಿಂಗ್ ಖರ್ಚೂ ಹಾಗೇ, ಬಿಲ್ ಕೊಟ್ಟ ಮೇಲೆ ಬಹುಶಃ ಸಂಬಳದ ಜೊತೇನೇ ಬರುತ್ತೆ, ಅದನ್ನ ಅಲೋಯನ್ಸ್ ಅಂತ ಒಟ್ಟಿಗೆ ಕೊಟ್ರೆ ಎಷ್ಟೋ ಕಡೆ ತೆರಿಗೆ ಕಟ್ಟಾಗಿ ಕೈಗೆ ಕಡಿಮೆ ಸಿಗುತ್ತೆ. ಇಷ್ಟು ದಿನದೊಳಗೆ ಕೆಲಸ ಬಿಟ್ರೆ ವಾಪಸ್ ಕಟ್ಟಬೇಕು ಅನ್ನೋ ಷರತ್ತಿದ್ಯಾ ಅಂತ ಆಫರ್ ಲೆಟರ್‌ನಲ್ಲಿ ಓದಿ, ಇದ್ರೆ ವಾಪಸ್ ಕೊಡಬೇಕಾದ್ದು ತೆರಿಗೆ ಮುಂಚಿನ ಮೊತ್ತಾನೋ ನಂತರದ್ದೋ ಅಂತ ಬರವಣಿಗೆಯಲ್ಲೇ ಕೇಳ್ಕೊಳ್ಳಿ. ಸಾಧ್ಯವಾದ್ರೆ ಟಿಕೆಟ್ಟು ಮತ್ತೆ ಮೊದಲ 2 ವಾರದ ವಸತಿ ಕಂಪನಿಯೇ ನೇರವಾಗಿ ಬುಕ್ ಮಾಡಲಿ ಅಂತ ಕೇಳಿ. ಮೇಲಿನ ಲೆಕ್ಕದಲ್ಲಿ ಟಿಕೆಟ್ಟು ಬಿಟ್ರೂ ವಸತಿ ಒಂದರಿಂದಲೇ 90 ಉಳೀತು.

ದೇಶಾನೇ ಬೇರೆ ಆದ್ರೆ ಇನ್ನೊಂದು ಗಂಟಿದೆ. ಬ್ಯಾಂಕ್ ಅಕೌಂಟಿಗೆ ವಿಳಾಸ ಬೇಕು, ಮನೆ ಕೊಡೋರಿಗೆ ಅಲ್ಲಿನ ಅಕೌಂಟು, ಸಂಬಳದ ಚೀಟಿ ಬೇಕು, ಒಂದಿಲ್ದೆ ಒಂದಿಲ್ಲ. ಕೆಲಸ, ಸಂಬಳ, ವಾಸದ ವಿಳಾಸ ಮೂರೂ ಇರೋ ಪತ್ರ ಕಂಪನಿಯಿಂದ ಹೊರಡೋ ಮುಂಚೆ ತಗೊಂಡ್ರೆ ಇದು ಎಷ್ಟೋ ಸಲೀಸು. ಡೆಪಾಸಿಟ್ ನಿಯಮಾನೂ ಓದ್ಕೊಂಡು ಹೋಗಿ. ಜರ್ಮನಿಯಲ್ಲಿ ಅದು ಹೀಟಿಂಗ್, ನೀರು ಇಂಥ ನಿರ್ವಹಣಾ ಖರ್ಚು ಸೇರಿಸದ ಬಾಡಿಗೆಯ 3 ತಿಂಗಳು ಮೀರೋ ಹಾಗಿಲ್ಲ, 3 ಕಂತಲ್ಲಿ ಕಟ್ಟೋ ಹಕ್ಕೂ ಬಾಡಿಗೆದಾರರಿಗಿದೆ. ಇದು ಗೊತ್ತಿಲ್ದೆ ಪೂರ್ತಿ ಒಂದೇ ಸಲ ಕೊಟ್ಟುಬಿಡೋರಿಗೆ ಆ ತಿಂಗಳು ಕಷ್ಟ ಆಗೋದು.

ದುಡ್ಡು ಕಳ್ಸೋದನ್ನೂ ಮೊದಲೇ ಒಂದು ಸಣ್ಣ ಮೊತ್ತದಿಂದ ಪರೀಕ್ಷೆ ಮಾಡಿ. ಶುಲ್ಕ ಇಲ್ಲ ಅಂತ ಹೇಳೋ ಕಡೆ ವಿನಿಮಯ ದರದಲ್ಲೇ ಅದನ್ನ ಸೇರಿಸಿರ್ತಾರೆ, ಅದಕ್ಕೆ ಇಷ್ಟು ಕಳ್ಸಿದ್ರೆ ಅಲ್ಲಿ ಎಷ್ಟು ಸೇರುತ್ತೆ ಅನ್ನೋದನ್ನ ಮಾತ್ರ ಹೋಲಿಸಿ. ಹೋಟೆಲಲ್ಲಿ ಕಾರ್ಡ್ ಕೊಟ್ರೆ ಬಿಲ್ಲಿಗಿಂತ ಜಾಸ್ತಿ ಮೊತ್ತ ಕೆಲವು ದಿನ ತಡೆ ಹಿಡೀಬಹುದು, ಡೆಪಾಸಿಟ್ ಕಟ್ಟೋ ದಿನಾನೇ ಅದು ಅಡ್ಡ ಬಂದ್ರೆ ಮನೆ ಕೈತಪ್ಪುತ್ತೆ, ಹಾಗಾಗಿ ಡೆಪಾಸಿಟ್ ದುಡ್ಡು ಇರೋ ಅಕೌಂಟಿನ ಕಾರ್ಡನ್ನ ಹೋಟೆಲಿಗೆ ಕೊಡಬೇಡಿ.