ಪಿಎಂ ದಿನ ಬಂತು, ಸ್ಪೇರ್ ಬರಲಿಲ್ಲ: ಸ್ಯಾಪ್‌ನಲ್ಲಿ ಸರಿಪಡಿಸಿದ್ದು ಹೀಗೆ

ನಮ್ಮ ಸ್ಕ್ರೂ ಕಂಪ್ರೆಸರ್‌ಗೆ 180 ದಿನಕ್ಕೊಮ್ಮೆ ಪಿಎಂ, ಅಂದರೆ ಕೆಡುವ ಮೊದಲೇ ಮಾಡುವ ನಿರ್ವಹಣೆ. ಆಯಿಲ್ ಸೆಪರೇಟರ್ ಬದಲಿಸಲೇಬೇಕು, ಆದರೆ ಪ್ರತಿ ಸಲವೂ ಸ್ಟೋರ್‌ನಲ್ಲಿ ಇಲ್ಲ. ಸ್ಟೋರ್‌ನವರು ಪರ್ಚೇಸ್ ಕಡೆ ಬೆರಳು ತೋರಿಸುತ್ತಿದ್ದರು. ತಪ್ಪು ಇಬ್ಬರದ್ದೂ ಅಲ್ಲ.

`IP02`ನಲ್ಲಿ ಪ್ಲಾನ್ ತೆರೆದು ನೋಡಿದರೆ, ಅವಧಿಯ ಎಷ್ಟು ಭಾಗ ಕಳೆದ ಮೇಲೆ ಆರ್ಡರ್ ಹುಟ್ಟಬೇಕು ಎಂದು ಹೇಳುವ ಕಾಲ್ ಹೊರೈಜನ್ 90% ಇತ್ತು. ಅಂದರೆ 162ನೇ ದಿನ ಆರ್ಡರ್ ಹುಟ್ಟುತ್ತದೆ, ಕೆಲಸಕ್ಕೆ 18 ದಿನ ಮಾತ್ರ ಉಳಿಯುತ್ತದೆ. ಸೆಪರೇಟರ್ ಬರಲು 45 ದಿನ ಬೇಕು. ಆರ್ಡರ್ ಹುಟ್ಟುವವರೆಗೆ ಸ್ಪೇರ್‌ಗೆ ರಿಸರ್ವೇಶನ್ ಇಲ್ಲ. ಮುಂದಿನ ಪಿಎಂ ದಿನಾಂಕ ಪ್ಲಾನ್‌ನಲ್ಲಿ ಕಂಡರೂ, ಯಾವ ಸಾಮಗ್ರಿ ಯಾವಾಗ ಬೇಕೆಂದು ಲೆಕ್ಕ ಹಾಕುವ ಎಂಆರ್‌ಪಿಗೆ ಅದು ಬೇಡಿಕೆಯೇ ಅಲ್ಲ.

ಹೊರೈಜನ್ 60%ಗೆ ಇಳಿಸಿದೆ. ಈಗ ಆರ್ಡರ್ 72 ದಿನ ಮೊದಲೇ ಬರುತ್ತದೆ. ಹಳೆಯ ಕಾಲ್‌ಗಳಿಗೆ ಇದು ತಾನಾಗಿ ತಗಲುವುದಿಲ್ಲ, `IP10`ನಲ್ಲಿ ಮತ್ತೆ ಶೆಡ್ಯೂಲ್ ಮಾಡಬೇಕು. ಟಾಸ್ಕ್ ಲಿಸ್ಟ್‌ಗೆ ಸೆಪರೇಟರನ್ನು ಕಾಂಪೊನೆಂಟ್ ಆಗಿ ಸೇರಿಸಿದೆ. ಅದಿಲ್ಲದಿದ್ದರೆ ಆರ್ಡರ್ ಬಂದರೂ ಖಾಲಿ. ಮೆಟೀರಿಯಲ್ ಮಾಸ್ಟರ್‌ನಲ್ಲಿ ಎಂಆರ್‌ಪಿ ಟೈಪ್ `ND` ಇದ್ದದ್ದನ್ನು `PD` ಮಾಡಿಸಿ, ಡೆಲಿವರಿ ಟೈಮ್ 45 ಹಾಕಿಸಿದೆ. `ND` ಇದ್ದರೆ ಎಂಆರ್‌ಪಿ ಅದನ್ನು ಮುಟ್ಟುವುದೇ ಇಲ್ಲ.

ಇನ್ನೊಂದು ಕೊಂಡಿ ಸುಲಭವಾಗಿ ಕಣ್ತಪ್ಪುತ್ತದೆ. ಆರ್ಡರ್ ಟೈಪ್ ಸೆಟ್ಟಿಂಗ್‌ನಲ್ಲಿ ರಿಸರ್ವೇಶನ್ ರಿಲೀಸ್ ಆದ ಮೇಲೆ ಜಾರಿಯಾಗುವಂತೆ ಇದ್ದರೆ, ಪ್ಲಾನರ್ ರಿಲೀಸ್ ಒತ್ತುವವರೆಗೆ ಮೊದಲಿನ ಕಥೆಯೇ. ನಾವು ಅದನ್ನು ತಕ್ಷಣ ಎಂದು ಬದಲಿಸಿದೆವು. ಸರಿಹೋಯಿತೋ ಎಂದು ತಿಳಿಯಲು `MD04`ನಲ್ಲಿ ಆ ಮೆಟೀರಿಯಲ್ ಹಾಕಿ: `OrdRes` ಸಾಲು, ಅದಕ್ಕೆ ಎದುರಾಗಿ ಖರೀದಿ ಸಾಲು ಕಾಣಬೇಕು.

ಗಂಟೆ ಮೀಟರ್ ಆಧಾರದ ಪ್ಲಾನ್‌ಗಳಲ್ಲಿ ಮಾತ್ರ ಇದು ಇಷ್ಟು ಕರಾರುವಾಕ್ಕಲ್ಲ. ಅಲ್ಲಿ ದಿನಾಂಕವೇ ವಾರ್ಷಿಕ ಅಂದಾಜಿನಿಂದ ಬರುತ್ತದೆ. ಎರಡರ ಬದಲು ಮೂರು ಶಿಫ್ಟ್ ಓಡಿದರೆ ದಿನಾಂಕ ಅಂದಾಜಿಗಿಂತ ಮೊದಲೇ ಬಂದುಬಿಡುತ್ತದೆ. ಅಂಥ ಯಂತ್ರಗಳಿಗೆ ಒಂದು ಸೆಟ್ ಸೇಫ್ಟಿ ಸ್ಟಾಕ್ ಇಟ್ಟಿದ್ದೇವೆ.