ಒಂದು ಷೇರನ್ನೂ ಮಾರದೆ ಡಿಮ್ಯಾಟ್ ಖಾತೆ ಮುಚ್ಚಿದೆ

‘ಎಲ್ಲ ಮಾರಿಬಿಡು, ಖಾತೆ ಮುಚ್ಚು, ಹೊಸ ಬ್ರೋಕರ್ ಬಳಿ ಮತ್ತೆ ಕೊಳ್ಳು’ ಎಂಬುದೇ ಗೆಳೆಯರ ಸಲಹೆಯಾಗಿತ್ತು. ನನ್ನಲ್ಲಿದ್ದದ್ದು ಹದಿನಾಲ್ಕು ಕಂಪನಿಗಳ, ಸುಮಾರು ಆರು ಲಕ್ಷದ ಷೇರು. ಅದರಲ್ಲಿ ಎರಡೂವರೆ ಲಕ್ಷ ದೀರ್ಘಾವಧಿ ಲಾಭ. ಮಾರಿದ್ದರೆ 1.25 ಲಕ್ಷದ ವಿನಾಯಿತಿ ಕಳೆದು ಉಳಿದದ್ದಕ್ಕೆ ಶೇ 12.5ರಂತೆ ಹದಿನಾರು ಸಾವಿರದಷ್ಟು ತೆರಿಗೆ, ಜೊತೆಗೆ ಮಾರುವಾಗಲೂ ಕೊಳ್ಳುವಾಗಲೂ ಷೇರು ವಹಿವಾಟಿನ ತೆರಿಗೆ ಎಸ್‌ಟಿಟಿ. ವ್ಯರ್ಥ ಖರ್ಚು.

ಮೊದಲು ಪರೀಕ್ಷೆಗೆಂದು ಷೇರು ಠೇವಣಿ ಸಂಸ್ಥೆ ಸಿಡಿಎಸ್‌ಎಲ್‌ನ ಆನ್‌ಲೈನ್ ವರ್ಗಾವಣೆ ಸೇವೆ ಈಸಿಯೆಸ್ಟ್ ಮೂಲಕ ಒಂದೇ ಒಂದು ಷೇರನ್ನು ಕಳಿಸಿದೆ. ಮರುದಿನವೇ ಹೊಸ ಖಾತೆಗೆ ಬಂತು, ಆದರೆ ಹಳೆಯ ಬ್ರೋಕರ್ ಜಿಎಸ್‌ಟಿ ಸೇರಿಸಿ ಮೂವತ್ತು ರೂಪಾಯಿಯಷ್ಟು ಕಿತ್ತುಕೊಂಡ. ಹದಿನಾಲ್ಕು ಕಂಪನಿಗಳಿಗೆ ನಾನೂರರಷ್ಟು. ಖಾತೆ ಮುಚ್ಚುವ ಅರ್ಜಿಯಲ್ಲೇ ಪೂರ್ತಿ ಷೇರುಗಳ ವರ್ಗಾವಣೆ ಕೇಳಿದರೆ ಆ ಶುಲ್ಕ ಇರುವುದಿಲ್ಲ. ಎರಡೂ ಖಾತೆಗಳ ಹೆಸರು, ಪ್ಯಾನ್, ಜಂಟಿದಾರರ ಕ್ರಮ ಒಂದೇ ಇರಬೇಕು, ಅಷ್ಟೇ. ಹೊಸ ಖಾತೆಯ ವಿವರಗಳಿರುವ ಸಿಎಂಆರ್ ಪ್ರತಿಗೆ ಹೊಸ ಡಿಪಿಯ, ಅಂದರೆ ಡಿಮ್ಯಾಟ್ ಖಾತೆ ನಡೆಸುವ ಸಂಸ್ಥೆಯ, ಸಹಿ, ಮುದ್ರೆ ಹಾಕಿಸಿ ಲಗತ್ತಿಸಿದೆ.

ಮೊದಲ ಅರ್ಜಿ ವಾಪಸ್ ಬಂತು. ಕಾರಣ, ‘ಬಾಕಿ ಇದೆ’. ಆ್ಯಪ್‌ನಲ್ಲಿ ಟ್ರೇಡಿಂಗ್ ಲೆಡ್ಜರ್ ಸೊನ್ನೆ ತೋರಿಸುತ್ತಿತ್ತು. ಡಿಪಿ ಲೆಡ್ಜರ್ ಬೇರೆಯೇ ಇತ್ತು. ಅದು ಆ್ಯಪ್‌ನಲ್ಲಿ ಕಾಣುತ್ತಿರಲಿಲ್ಲ. ಬ್ಯಾಕ್ ಆಫೀಸ್ ಜಾಲತಾಣದಲ್ಲಿ ನೋಡಿದರೆ ವಾರ್ಷಿಕ ನಿರ್ವಹಣಾ ಶುಲ್ಕ, ಅದರ ಮೇಲೆ ಜಿಎಸ್‌ಟಿ, ತಡವಾದುದಕ್ಕೆ ಬಡ್ಡಿ, ಎಲ್ಲ ಸೇರಿ ಮುನ್ನೂರೈವತ್ತರ ಆಸುಪಾಸು ಕೆಂಪಕ್ಷರದಲ್ಲಿ ಕುಳಿತಿತ್ತು. ಕಟ್ಟಿ, ಎರಡೂ ಲೆಡ್ಜರ್ ಸೊನ್ನೆಯಾದ ಪ್ರತಿಯನ್ನು ಇಳಿಸಿಕೊಂಡೆ.

ಎರಡನೇ ಬಾರಿ ಅಡ್ಡಿಯಾದದ್ದು ಅಡವು. ಮಾರ್ಜಿನ್‌ಗಾಗಿ ಹಿಂದೆ ಅಡವಿಟ್ಟಿದ್ದ ಎರಡು ಕಂಪನಿಗಳ ಷೇರುಗಳು ಹೋಲ್ಡಿಂಗ್ಸ್ ಪಟ್ಟಿಯಲ್ಲಿ ಮಾಮೂಲಾಗಿಯೇ ಕಾಣುತ್ತವೆ. ಡಿಪಿಯ ಹೇಳಿಕೆಯಲ್ಲಿ ‘ಪ್ಲೆಡ್ಜ್’ ಎಂಬ ಬೇರೆ ಅಂಕಣದಲ್ಲಿರುತ್ತವೆ. ಬಿಡುಗಡೆಯಾಗದೆ ಕದಲವು. ಬಿಡಿಸಿಕೊಂಡು, ಆ ಅಂಕಣ ಖಾಲಿಯಾದ ಮೇಲೆ ಮೂರನೇ ಅರ್ಜಿ. ಅದಕ್ಕೆ ಉತ್ತರ ತಕ್ಷಣ ಬರುವಂತೆ ಇಮೇಲ್ ಬರೆದ ಬಗೆಯನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ನಾಲ್ಕು ಜನ ನಕಲು ಮಾಡಿದರೆ ಅದು ಕೆಲಸ ಮಾಡದು. ಸೆಬಿಯ ದೂರು ಜಾಲತಾಣ ಸ್ಕೋರ್ಸ್‌ನಲ್ಲಿ ದೂರು ಕೊಡುವ ಪ್ರಮೇಯವೇ ಬರಲಿಲ್ಲ.

ಒಂದೆರಡು ದಿನಗಳಲ್ಲಿ ಎಲ್ಲ ಷೇರುಗಳೂ ಬಂದವು. ಸಲಹೆ ಕೊಟ್ಟಿದ್ದ ಗೆಳೆಯನಿಗೆ ಹೇಳಿಕೆಯ ಚಿತ್ರ ಕಳಿಸಿದೆ, ಉತ್ತರ ಬರಲಿಲ್ಲ. ಹೊಸ ಆ್ಯಪ್‌ನಲ್ಲಿ ಕೊಂಡ ಬೆಲೆ ಖಾಲಿಯಿತ್ತು. ತೆರಿಗೆಗೆ ಮೂಲ ದಿನಾಂಕ, ಮೂಲ ಬೆಲೆಯೇ ಲೆಕ್ಕ. ಆದ್ದರಿಂದ ಖಾತೆ ಮುಚ್ಚುವ ಮುನ್ನವೇ ಹಳೆಯ ಕಾಂಟ್ರಾಕ್ಟ್ ನೋಟ್, ಟ್ರೇಡ್‌ಬುಕ್‌ಗಳನ್ನು ಇಳಿಸಿಟ್ಟಿದ್ದೆ. ಈಗ ಒಂದೊಂದಾಗಿ ತುಂಬುತ್ತಿದ್ದೇನೆ. ಮುಂಚಿತವಾಗಿ ಪಡೆದಿದ್ದ ನಿರ್ವಹಣಾ ಶುಲ್ಕದಲ್ಲಿ ಉಳಿದ ತ್ರೈಮಾಸಿಕಗಳ ಪಾಲನ್ನೂ ಪಟ್ಟುಹಿಡಿದು ವಾಪಸ್ ಪಡೆದೆ. ನೂರೈವತ್ತು ರೂಪಾಯಿ ಇರಬಹುದು.